ಮುಟ್ಟಿದರೆ ಮುನಿಯುವ ಟಿ.ವಿ.

ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಟಿ.ವಿ.ಗೂ ಪೂಜೆ ಸಲ್ಲುತ್ತದೆ. ಹಳೆಯ ಟಿ.ವಿ.ಗಳಿಗಾದರೆ ಬೊಟ್ಟಿಡಲು ಅಗಲವಾದ ಪ್ಲಾಸ್ಟಿಕ್ ಚೌಕಟ್ಟಿತ್ತು. ಈಗಿನವಕ್ಕೆ ಅಂಚು ಇದೆಯೋ ಇಲ್ಲವೋ ಎಂಬಷ್ಟು ತೆಳು. ಹಾಗಾಗಿ ಗಂಧ, ಕುಂಕುಮ ನೇರವಾಗಿ ಪರದೆಯ ಮೇಲೆಯೇ ಬೀಳುತ್ತವೆ. ಮೂರು ದಿನ ಬಿಟ್ಟು ವಾರ್ತೆ ಓದುವವರ ಕೆನ್ನೆಯ ಮೇಲೆ ಒಣಗಿದ ಗಂಧ ಕಂಡು ಯಾರಿಗೋ ಕಿರಿಕಿರಿಯಾಗುತ್ತದೆ. ಉಗುರಿನಿಂದ ಕೆರೆಯುತ್ತಾರೆ, ಹೋಗದಿದ್ದರೆ ಕಿಟಕಿ ಗಾಜು ಒರೆಸುವ ದ್ರಾವಣವನ್ನು ಪುಸ್ ಪುಸ್ಸೆಂದು ಹೊಡೆದು ಹಳೆಯ ಪೇಪರಿನಿಂದ ಉಜ್ಜುತ್ತಾರೆ. ಬೊಟ್ಟು ಹೋಗುತ್ತದೆ. ಆದರೆ ಆ ಜಾಗದಲ್ಲಿ ಮಂಜು ಮುಸುಕಿದಂಥ ಒಂದು ಮಚ್ಚೆ ಉಳಿದುಬಿಡಬಹುದು. ಅದನ್ನು ತೆಗೆಯಲು ಯಾವ ಅಂಗಡಿಯಲ್ಲೂ ಔಷಧಿ ಸಿಗುವುದಿಲ್ಲ.

ಪೇಪರಿನಿಂದ ಉಜ್ಜುವ ಈ ಅಭ್ಯಾಸ ಡಬ್ಬದಂಥ ಹಳೆಯ ಟಿ.ವಿ.ಯ ಕಾಲದಿಂದ ಬಂದದ್ದು. ಆ ಟಿ.ವಿ.ಯ ಮುಂಭಾಗ ನಿಜಕ್ಕೂ ಗಾಜೇ ಆಗಿತ್ತು, ಅದೂ ಒಳಗಿನ ನಿರ್ವಾತವನ್ನು ತಾಳಿಕೊಳ್ಳಬೇಕಾದ ದಪ್ಪ ಗಾಜು. ಅದನ್ನು ಹೇಗೆ ಉಜ್ಜಿದರೂ ನಡೆಯುತ್ತಿತ್ತು. ಈಗಿನ ಎಲ್‌ಇಡಿ ಟಿ.ವಿ.ಯ ಪರದೆಯನ್ನು ಮುಟ್ಟಿದಾಗ ಬೆರಳಿಗೆ ಸಿಗುವುದು ಸಾಮಾನ್ಯವಾಗಿ ಗಾಜಲ್ಲ, ಪ್ಲಾಸ್ಟಿಕ್ ಹಾಳೆ. ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಆ ಹಾಳೆಗೆ ಪೋಲರೈಸರ್ ಎಂದು ಹೆಸರು. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಅದರ ಮೇಲೆ ಒಂದು ನಯವಾದ ಲೇಪನ ಬಳಿದಿರುತ್ತಾರೆ. ಹಾಳೆಯ ಹಿಂದೆ ಎರಡು ಗಾಜುಗಳಿರುತ್ತವೆ, ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅವೆರಡರ ನಡುವೆ ತಲೆಗೂದಲಿಗಿಂತ ಹತ್ತಾರು ಪಟ್ಟು ಕಿರಿದಾದ ಸಂದಿಯಲ್ಲಿ ದ್ರವ ಸ್ಫಟಿಕ ತುಂಬಿರುತ್ತದೆ. ಅದರ ಹಿಂದೆ ಬೆಳಕನ್ನು ಹರಡುವ ಒಂದಷ್ಟು ಹಾಳೆಗಳು, ಕೊನೆಗೆ ದೀಪಗಳು. ಚಿತ್ರ ಮೂಡುತ್ತಿರುವಾಗ ಬೆರಳಿನಿಂದ ಒತ್ತಿದರೆ ಬಣ್ಣ ಅಲೆಯಂತೆ ಚದುರುವುದು ಆ ಸಂದಿ ಇನ್ನಷ್ಟು ಕಿರಿದಾಗುವುದರಿಂದ. ಮಕ್ಕಳಿಗೆ ಅದು ಆಟ, ಟಿ.ವಿ.ಗೆ ಪ್ರಾಣಸಂಕಟ.

ಪರದೆ ಹಾಳಾಗುವ ಎರಡು ದಾರಿಗಳು ಈ ರಚನೆಯಲ್ಲೇ ಅಡಗಿವೆ. ಒರೆಸುವಾಗ ಕೆಡಿಸುವುದು ನೀರು, ಸಾಗಿಸುವಾಗ ಕೆಡಿಸುವುದು ಎದುರಿನಿಂದ ಬೀಳುವ ಒತ್ತಡ.

ಮೊದಲು ನೀರಿನ ವಿಷಯ. ಪರದೆಯ ಒಂದೊಂದು ಕಾಲಂಗೂ ಚಿತ್ರದ ಸಂಕೇತ ಹೋಗಬೇಕು. ಅದಕ್ಕಾಗಿ ಪ್ಯಾನೆಲ್ಲಿನ ಒಂದು ಅಂಚಿನುದ್ದಕ್ಕೂ ಫಿಲ್ಮ್‌ನಂಥ ತೆಳು ಪಟ್ಟಿಗಳನ್ನು ಗಾಜಿಗೆ ಅಂಟಿಸಿರುತ್ತಾರೆ, ಪ್ರತಿ ಪಟ್ಟಿಯ ಮೇಲೂ ಒಂದು ಚಿಪ್ ಇರುತ್ತದೆ. ಹಲವು ಮಾದರಿಗಳಲ್ಲಿ ಈ ಅಂಚು ಇರುವುದು ಕೆಳಗಡೆ. ಪರದೆಗೆ ನೇರವಾಗಿ ಹೊಡೆದ ದ್ರವ ಇಳಿದು ಹೋಗಿ ನಿಲ್ಲುವುದೂ ಅಲ್ಲೇ. ಚೌಕಟ್ಟಿಗೂ ಪರದೆಗೂ ನಡುವಿನ ಸಂದಿಯೊಳಕ್ಕೆ ಎರಡು ಹನಿ ಇಳಿದರೂ ಪಟ್ಟಿಯ ಸಂಪರ್ಕ ಕೆಡಬಹುದು. ಆಗ ಪರದೆಯ ಮೇಲೆ ಉದ್ದುದ್ದ ಗೆರೆಗಳು ಮೂಡುತ್ತವೆ, ಇಲ್ಲವೇ ಒಂದು ಪಟ್ಟೆ ಪೂರ್ತಿ ಕಪ್ಪಾಗುತ್ತದೆ. ಕೆಲವೊಮ್ಮೆ ಕೂಡಲೇ ಏನೂ ಆಗದೆ, ತೇವದಿಂದ ನಿಧಾನವಾಗಿ ಕಿಲುಬು ಹಿಡಿದು ವಾರಗಳ ನಂತರ ಗೆರೆ ಕಾಣಿಸುತ್ತದೆ. ಅಷ್ಟರಲ್ಲಿ ಮನೆಯವರಿಗೆ ಒರೆಸಿದ್ದೇ ಮರೆತುಹೋಗಿರುತ್ತದೆ, 'ಸುಮ್ಮನೆ ಇದ್ದಕ್ಕಿದ್ದಂತೆ ಬಂತು' ಎನ್ನುತ್ತಾರೆ. ದೊಡ್ಡ ಊರುಗಳಲ್ಲಿ ಈ ಪಟ್ಟಿಗಳನ್ನು ಯಂತ್ರದಿಂದ ಮತ್ತೆ ಅಂಟಿಸಿಕೊಡುವ ರಿಪೇರಿಯವರಿದ್ದಾರೆ, 'ಬಾಂಡಿಂಗ್ ಮಾಡಬೇಕು ಸಾರ್' ಎಂದು ಅವರು ಹೇಳುವುದು ಈ ಕೆಲಸವನ್ನೇ. ಅದೂ ಆಗದಿದ್ದರೆ ಪ್ಯಾನೆಲ್ಲನ್ನೇ ಬದಲಿಸಬೇಕು. ಅದರ ಬೆಲೆ ಕೇಳಿದವರು ಬಹುತೇಕ ಹೊಸ ಟಿ.ವಿ.ಯ ಅಂಗಡಿಯ ಕಡೆಗೇ ಹೆಜ್ಜೆ ಹಾಕುತ್ತಾರೆ.

ಆದ್ದರಿಂದ ಏನೇ ಆಗಲಿ ದ್ರವವನ್ನು ಬಟ್ಟೆಗೆ ಹಾಕಬೇಕು, ಪರದೆಗಲ್ಲ. ಅದಕ್ಕೂ ಮೊದಲು ಒಣ ಧೂಳು ಹೋಗಬೇಕು. ನಮ್ಮ ಬೀದಿಗಳ ಧೂಳಿನಲ್ಲಿ ಮರಳಿನ ಪುಡಿ ಇರುತ್ತದೆ. ಅದು ಪ್ಲಾಸ್ಟಿಕ್ ಹಾಳೆಗಿಂತ ಎಷ್ಟೋ ಗಟ್ಟಿ. ಧೂಳಿರುವ ಪರದೆಯನ್ನು ಒತ್ತಿ ಒರೆಸಿದರೆ ಮರಳುಕಾಗದದಿಂದ ಉಜ್ಜಿದ ಹಾಗೆಯೇ. ಟಿ.ವಿ. ಆರಿಸಿ, ಪ್ಲಗ್ ಕಿತ್ತು, ಪರದೆ ತಣ್ಣಗಾಗುವವರೆಗೆ ಹತ್ತು ಹದಿನೈದು ನಿಮಿಷ ಬಿಟ್ಟರೆ ಎರಡು ಅನುಕೂಲ: ಕಪ್ಪು ಪರದೆಯ ಮೇಲೆ ಕೊಳೆ ಎಲ್ಲಿದೆಯೆಂದು ಸ್ಪಷ್ಟವಾಗಿ ಕಾಣುತ್ತದೆ, ಬಿಸಿಗೆ ನೀರು ತಕ್ಷಣ ಆರಿ ಗೆರೆ ಉಳಿಯುವುದೂ ತಪ್ಪುತ್ತದೆ. ಓಎಲ್‌ಇಡಿ ಟಿ.ವಿ. ಇರುವವರು ಮಾತ್ರ ಆರಿಸಿದ ಕೂಡಲೇ ಗೋಡೆಯ ಸ್ವಿಚ್ ತೆಗೆಯುವ ಆತುರ ಮಾಡಬಾರದು. ಆರಿದ ಮೇಲೂ ಅದು ಒಳಗೊಳಗೇ ತನ್ನ ಪಿಕ್ಸೆಲ್‌ಗಳನ್ನು ಸರಿಪಡಿಸಿಕೊಳ್ಳುವ ಕೆಲಸವನ್ನು ಸ್ವಲ್ಪ ಹೊತ್ತು ಮಾಡುತ್ತಿರುತ್ತದೆ.

ಬಟ್ಟೆ ಮೈಕ್ರೋಫೈಬರ್‌ನದ್ದೇ ಇರಲಿ, ಕನ್ನಡಕ ಒರೆಸಲು ಕೊಡುತ್ತಾರಲ್ಲ, ಆ ಜಾತಿಯದು, ಕರವಸ್ತ್ರದಷ್ಟು ದೊಡ್ಡದಾಗಿ ಎರಡು. ಕಾರು ಒರೆಸಿದ ಬಟ್ಟೆಯನ್ನೇ ತೊಳೆದು ತಂದರೆ ಸಾಲದು, ಅದರ ಎಳೆಗಳಲ್ಲಿ ಮರಳು ಸಿಕ್ಕಿಕೊಂಡಿರುತ್ತದೆ. ಟಿಶ್ಯೂ ಕಾಗದ, ದಿನಪತ್ರಿಕೆ, ಜರಿಯಂಚಿನ ಹಳೇ ಸೀರೆಯ ತುಂಡು ಯಾವುದೂ ಬೇಡ. ಬಟ್ಟೆಯ ಭಾರವಷ್ಟೇ ಪರದೆಗೆ ತಾಗುವಂತೆ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಹೆಚ್ಚಿನ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ನೀರು. ಬೆಂಗಳೂರು, ಕೋಲಾರದ ಕಡೆಯ ಬೋರ್‌ವೆಲ್ ನೀರು ಪಾತ್ರೆಯ ಮೇಲೆ ಬಿಳಿ ಪೊರೆ ಬಿಡುವುದನ್ನು ಎಲ್ಲರೂ ನೋಡಿದ್ದಾರೆ, ಪರದೆಯ ಮೇಲೂ ಅದು ಅದನ್ನೇ ಮಾಡುತ್ತದೆ. ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ನೀರಿನ ಬಾಟಲಿ ಬ್ಯಾಟರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೇಳಿ ತರುವಾಗ ಆಸಿಡ್ ಅಲ್ಲವೆಂದು ಖಚಿತಪಡಿಸಿಕೊಂಡರಾಯಿತು. ಬಟ್ಟೆಯ ಒಂದು ಮೂಲೆಯನ್ನು ಅದರಲ್ಲಿ ಅದ್ದಿ, ಹಿಂಡಿದರೆ ಇನ್ನು ಒಂದು ಹನಿಯೂ ಬೀಳದು ಎನ್ನುವಷ್ಟು ಹಿಂಡಬೇಕು. ಕೊಳೆಯಿರುವಲ್ಲಿ ನಾಲ್ಕೈದು ಸಲ ಹಗುರವಾಗಿ ಒರೆಸಿ, ಬೆನ್ನಲ್ಲೇ ಎರಡನೆಯ ಒಣ ಬಟ್ಟೆಯನ್ನು ಎಳೆದರೆ ಗೆರೆ ಉಳಿಯುವುದಿಲ್ಲ. ಹಾಲಿಗೆ ಅಡುಗೆಮನೆ ತೆರೆದುಕೊಂಡಿರುವ ಫ್ಲ್ಯಾಟ್‌ಗಳಲ್ಲಿ ಒಗ್ಗರಣೆಯ ಎಣ್ಣೆ, ಊದುಬತ್ತಿಯ ಹೊಗೆ ಎರಡೂ ಸೇರಿ ಪರದೆಗೆ ಅಂಟುಅಂಟಾದ ಪೊರೆ ಕಟ್ಟುತ್ತವೆ. ಅದಕ್ಕೆ ಬರಿಯ ನೀರು ಬಗ್ಗುವುದಿಲ್ಲ. ಅರ್ಧ ಲೀಟರ್ ನೀರಿಗೆ ಮಕ್ಕಳ ಶಾಂಪೂ ಒಂದೇ ಒಂದು ಹನಿ ಸಾಕು. ಎರಡು ಹಾಕಿದರೆ ಶಾಂಪೂವನ್ನು ಒರೆಸಿ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಕೊನೆಗೆ ಬರಿಯ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಅಮೋನಿಯಾ, ಅಸಿಟೋನ್, ಸ್ಪಿರಿಟ್ ಇರುವ ದ್ರಾವಣಗಳು ಲೇಪನವನ್ನೇ ಕರಗಿಸಬಲ್ಲವು. ಟಿ.ವಿ.ಯ ಜೊತೆ ಬಂದ ಪುಸ್ತಿಕೆ ಸ್ಪಷ್ಟವಾಗಿ ಅನುಮತಿಸದ ಹೊರತು ಅವು ಬೇಡ.

ಲೇಪನ ಹೋಗಿದೆಯೋ ಕೊಳೆ ಮಾತ್ರವೋ ಎಂದು ತಿಳಿಯುವುದು ಸುಲಭ. ಟಿ.ವಿ. ಆರಿಸಿ, ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಬೇಕು. ಒದ್ದೆ ಬಟ್ಟೆ ಸೋಕಿದಾಗ ಆಕಾರ ಬದಲಿಸುವ ಮಚ್ಚೆ ಕೊಳೆ. ಎಷ್ಟು ಒರೆಸಿದರೂ ಅದೇ ಆಕಾರದಲ್ಲಿ ಬೆಳ್ಳಗೆ, ಅಥವಾ ಎಣ್ಣೆ ಬಿದ್ದ ರಸ್ತೆಯ ಬಣ್ಣದಲ್ಲಿ ಕಾಣುವ ಮಚ್ಚೆ ಲೇಪನ ಹೋದ ಜಾಗ. ಅದಕ್ಕೆ ಟೂತ್‌ಪೇಸ್ಟ್ ಹಚ್ಚುವ ಸಲಹೆ ಕೊಡುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ, ಮಚ್ಚೆ ದೊಡ್ಡದಾಗುವುದಷ್ಟೇ ಅದರ ಫಲ.

ಇನ್ನು ಆ ಗಂಧದ ಬೊಟ್ಟು. ಹಿಂಡಿದ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೊಟ್ಟಿನ ಮೇಲೆ ಒಂದೆರಡು ನಿಮಿಷ ಒತ್ತದೆ ಹಿಡಿದರೆ ಗಂಧ ತಾನೇ ಮೆದುವಾಗುತ್ತದೆ. ಆಮೇಲೆ ಉಜ್ಜದೆ ಹೊರಕ್ಕೆ ಎತ್ತಿಕೊಳ್ಳಬೇಕು, ಬಟ್ಟೆಯ ಹೊಸ ಮಡಿಕೆಯಿಂದ ಮತ್ತೊಮ್ಮೆ. ಮುಂದಿನ ವರ್ಷ ಬೊಟ್ಟನ್ನು ರಿಮೋಟಿನ ಬೆನ್ನಿಗೆ ಇಟ್ಟರೆ ದೇವರೇನೂ ಬೇಸರಿಸುವುದಿಲ್ಲ.

ಮನೆ ಬದಲಿಸುವ ದಿನ ಬಂದಾಗ ಇದೇ ಪರದೆಗೆ ಬೇರೆ ಪರೀಕ್ಷೆ. 'ಮಲಗಿಸಿಬಿಡಿ ಸಾರ್, ಮೇಲೆ ಹಾಸಿಗೆ ಇಡಬಹುದು, ಜಾಗ ಉಳಿಯುತ್ತೆ' ಎಂದು ಸಾಮಾನು ಎತ್ತುವವರು ಹೇಳುತ್ತಾರೆ. ಅವರ ಅನುಭವ ಬೀರು, ಮಂಚ, ಫ್ರಿಜ್ಜುಗಳದ್ದು, ಅಲ್ಲಿ ಅವರ ಮಾತು ಮೀರಬಾರದು. ಟಿ.ವಿ.ಯ ವಿಷಯದಲ್ಲಿ ಮಾತ್ರ ಯಜಮಾನರು ಹಠ ಹಿಡಿಯಲೇಬೇಕು. ಒಂದು ಹಪ್ಪಳವನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ತನ್ನ ಭಾರವನ್ನು ತಾನೇ ಹೊರುತ್ತದೆ. ಅದನ್ನೇ ಎರಡು ತುದಿಗೆ ಆಧಾರ ಕೊಟ್ಟು ಮಲಗಿಸಿ ಜೋರಾಗಿ ಕುಲುಕಿದರೆ ನಡುವೆ ಮುರಿಯುತ್ತದೆ. ಪ್ಯಾನೆಲ್ಲಿನ ಅರ್ಧ ಮಿಲಿಮೀಟರ್ ಗಾಜಿಗೂ ಇದೇ ನಿಯಮ. ನಿಂತಾಗ ಭಾರ ಗಾಜಿನ ಉದ್ದಕ್ಕೇ ಇಳಿದುಹೋಗುತ್ತದೆ. ಮಲಗಿಸಿದಾಗ ಗಾಜು ನಡುವೆ ಜೋಲುತ್ತದೆ, ಪ್ರತಿ ಹಂಪಿನಲ್ಲೂ ಬಾಗಿ ನೆಟ್ಟಗಾಗುತ್ತದೆ. ಟಿ.ವಿ. ಪೆಟ್ಟಿಗೆಯ ಮೇಲೆ ಮೇಲ್ಮುಖದ ಬಾಣ, ಗಾಜಿನ ಲೋಟದ ಚಿತ್ರ ಅಚ್ಚಾಗಿರುವುದು ಇದಕ್ಕೇ.

ಆ ಪೆಟ್ಟಿಗೆ, ಅದರೊಳಗಿನ ಥರ್ಮೋಕೋಲ್ ಎರಡನ್ನೂ ಅಟ್ಟದ ಮೇಲೆ ಉಳಿಸಿಕೊಂಡವರು ಪುಣ್ಯವಂತರು. ಆ ಥರ್ಮೋಕೋಲ್ ಟಿ.ವಿ.ಯನ್ನು ಅಂಚುಗಳಲ್ಲಿ ಮಾತ್ರ ಹಿಡಿದು, ಪರದೆಯ ಎದುರು ಖಾಲಿ ಜಾಗ ಬಿಡುವಂತೆ ಅಚ್ಚು ಹಾಕಿದ್ದು. ಅದೇ ಪೆಟ್ಟಿಗೆ ಇದ್ದೂ ಥರ್ಮೋಕೋಲ್ ಇಲ್ಲದಿದ್ದರೆ ಪೆಟ್ಟಿಗೆ ಹೆಚ್ಚುಕಡಿಮೆ ಬರಿಯ ಮುಸುಕು.

ಎರಡೂ ಇಲ್ಲದವರೇ ಹೆಚ್ಚು. ವಿಜಯನಗರದ ಬಾಡಿಗೆ ಮನೆಯೊಂದರಿಂದ ಮೈಸೂರಿಗೆ 43 ಇಂಚಿನ ಎಲ್‌ಇಡಿ ಟಿ.ವಿ. ಹೋಗಬೇಕಾಗಿದೆ, ಪೆಟ್ಟಿಗೆ ಎಂದೋ ಹಳೇ ಪೇಪರಿನವನ ಪಾಲಾಗಿದೆ ಎಂದಿಟ್ಟುಕೊಂಡರೆ, ಕೆಲಸ ಹಿಂದಿನ ದಿನವೇ ಶುರುವಾಗಬೇಕು. ಇಂಥ ಟಿ.ವಿ.ಯ ಅಗಲ ಸುಮಾರು 97 ಸೆಂಟಿಮೀಟರ್, ಎತ್ತರ 56, ಕೆಳಭಾಗದ ಉಬ್ಬಿನಲ್ಲಿ ದಪ್ಪ 8. ಮೊದಲ ಕೆಲಸ, ಟಿ.ವಿ.ಯಲ್ಲಿ ಬಿಳಿಯ ಹಿನ್ನೆಲೆಯ ಯಾವುದಾದರೂ ಚಿತ್ರ ಹಾಕಿ ಮೊಬೈಲಿನಲ್ಲಿ ವಿಡಿಯೊ ತೆಗೆದುಕೊಳ್ಳುವುದು. ಹಿಂಬದಿಯ ಲೇಬಲ್ಲಿನ ಸೀರಿಯಲ್ ನಂಬರು, ಯಾವ ವೈರು ಎಲ್ಲಿಗೆ ಎಂಬುದರ ಫೋಟೊ ಕೂಡ ಇರಲಿ. ಸಾಗಣೆಯವರೊಂದಿಗೆ ಮುಂದೆ ಮಾತು ಬಂದರೆ ಹೊರಟಾಗ ಪರದೆ ಚೆನ್ನಾಗಿತ್ತು ಎನ್ನಲು ಬೇರೆ ಸಾಕ್ಷಿ ಇರುವುದಿಲ್ಲ.

ಟಿ.ವಿ. ಗೋಡೆಯ ಮೇಲಿದ್ದರೆ ಇಳಿಸಲು ಇಬ್ಬರು ಬೇಕು. ಭಾರಕ್ಕಲ್ಲ, ಅದು ಹೆಚ್ಚೆಂದರೆ ಅರ್ಧ ಮೂಟೆ ಅಕ್ಕಿಯಷ್ಟೂ ತೂಗದು. ಒಬ್ಬರೇ ಹಿಡಿದರೆ ಆಯ ತಪ್ಪದಿರಲೆಂದು ಹೆಬ್ಬೆರಳು ಪರದೆಯನ್ನು ಒತ್ತಿಬಿಡುತ್ತದೆ. ಒಬ್ಬೊಬ್ಬರು ಒಂದೊಂದು ಬದಿ, ಒಂದು ಕೈ ಕೆಳಗೆ, ಇನ್ನೊಂದು ಪಕ್ಕಕ್ಕೆ. ಟಿ.ವಿ.ಯ ಬೆನ್ನಿಗೆ ಬ್ರಾಕೆಟ್ ಹಿಡಿದಿದ್ದ ಸ್ಕ್ರೂ, ವಾಷರ್‌ಗಳನ್ನು ಒಂದು ಸಣ್ಣ ಕವರಿಗೆ ಹಾಕಿ ಹೆಸರು ಬರೆಯಬೇಕು. ಅವು ಕಳೆದುಹೋಗಿ ಹೊಸ ಮನೆಯಲ್ಲಿ ಕೈಗೆ ಸಿಕ್ಕ ಉದ್ದನೆಯ ಸ್ಕ್ರೂ ಹಾಕಿದರೆ ಅದರ ಮೊನೆ ಒಳಗಿನ ಬೋರ್ಡನ್ನು ಅಥವಾ ಪ್ಯಾನೆಲ್ಲನ್ನೇ ಚುಚ್ಚಬಹುದು. ಕಾಲುಗಳಿದ್ದರೆ ಬಿಚ್ಚಿಡಬೇಕು. ಹಿಂಬದಿಯ ಗಾಳಿಕಂಡಿಗಳ ಧೂಳನ್ನು ಪೇಂಟಿಂಗ್ ಬ್ರಷ್‌ನಿಂದ ತೆಗೆಯುವುದು ಒಳ್ಳೆಯದು, ಜಿರಲೆ ಸಂಸಾರ ಸಮೇತ ಮೈಸೂರಿಗೆ ಹೋಗುವುದೂ ತಪ್ಪುತ್ತದೆ.

ಪೆಟ್ಟಿಗೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಿಚಾರಿಸಿದರೆ 50 ಇಂಚಿನ ಟಿ.ವಿ.ಯ ಖಾಲಿ ಪೆಟ್ಟಿಗೆ ಸಿಗುವುದುಂಟು. ಸಿಗದಿದ್ದರೆ ಫೈವ್ ಪ್ಲೈ ರಟ್ಟಿನ ಎರಡು ದೊಡ್ಡ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿಕೊಳ್ಳಬಹುದು. ಜೊತೆಗೆ ಮದುವೆ ಮಂಟಪದವರಿಗೂ ಶಾಲೆಯ ಮಾದರಿಗಳಿಗೂ ಮಾರುವ ಥರ್ಮೋಕೋಲ್ ಹಾಳೆ, ಎರಡು ಇಂಚು ದಪ್ಪದ್ದು. ಅದನ್ನು 12 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಬೇಕು. ಪೆಟ್ಟಿಗೆಯ ಒಳಗೆ ನಾಲ್ಕು ಗೋಡೆಗೂ ಈ ಪಟ್ಟಿಗಳನ್ನು ನಿಲ್ಲಿಸಿದರೆ ಥರ್ಮೋಕೋಲಿನದೇ ಒಂದು ಚೌಕಟ್ಟು ಆಗುತ್ತದೆ. ಟಿ.ವಿ. ಕೂರುವುದು ಅದರ ಒಳಗೆ.

ಲೆಕ್ಕ ಇರುವುದು ಆ 12ರಲ್ಲಿ. ಹಿಂಬದಿಗೆ ಹಾಸಿದ ಫೋಮ್ ಒಂದು ಸೆಂಟಿಮೀಟರ್, ಟಿ.ವಿ. ಎಂಟು, ಒಟ್ಟು ಒಂಬತ್ತು. ಇನ್ನು ಮೂರು ಸೆಂಟಿಮೀಟರ್ ಪರದೆಯ ಎದುರು ಖಾಲಿಯಾಗಿ ಉಳಿಯುತ್ತದೆ. ಈಗ ಮುಂದುಗಡೆಗೆ ಎರಡು ರಟ್ಟುಗಳನ್ನು ಒಂದರ ಗೆರೆ ಅಡ್ಡಕ್ಕೆ, ಇನ್ನೊಂದರ ಗೆರೆ ಉದ್ದಕ್ಕೆ ಬರುವಂತೆ ಅಂಟಿಸಿದ ಹಲಗೆಯನ್ನು ಮುಚ್ಚಿದರೆ ಅದು ಥರ್ಮೋಕೋಲ್ ಚೌಕಟ್ಟಿನ ಮೇಲೆ ಕೂರುತ್ತದೆ, ಪರದೆಗೆ ತಾಗುವುದಿಲ್ಲ. ಹಾದಿಯಲ್ಲಿ ಯಾರದೋ ಮೊಣಕೈ ತಗುಲಿದರೂ ಪೆಟ್ಟು ಚೌಕಟ್ಟಿಗೆ ಹೋಗುತ್ತದೆ. ಟಿ.ವಿ. ಮುಂದಕ್ಕೆ ವಾಲದಂತೆ ನಾಲ್ಕು ಮೂಲೆಗಳಲ್ಲಿ ಮಾತ್ರ, ಚೌಕಟ್ಟಿನ ಅಂಚಿಗೆ ತಾಗುವಂತೆ, ಫೋಮನ್ನು ಮಡಿಸಿ ತುಂಬಬೇಕು. ಮುಚ್ಚುವ ಮುನ್ನ ಪೆಟ್ಟಿಗೆಯನ್ನು ನಿಲ್ಲಿಸಿ ಮೆಲ್ಲಗೆ ಅಲ್ಲಾಡಿಸಿ ನೋಡಿದರೆ ಟಿ.ವಿ. ಒಳಗೆ ಓಡಾಡುತ್ತಿದೆಯೇ ತಿಳಿಯುತ್ತದೆ.

ಟಿ.ವಿ.ಯ ಮೈಗೆ ಮೊದಲು ಸುತ್ತುವುದು ತೆಳುವಾದ ಬಿಳಿ ಫೋಮ್ ಹಾಳೆ, ಹೊಸ ಟಿ.ವಿ.ಯ ಜೊತೆ ಬರುವಂಥದು. ಬಬಲ್ ರ‍್ಯಾಪ್ ಅದರ ಮೇಲೆ, ಗುಳ್ಳೆಗಳು ಹೊರಮುಖವಾಗಿ. ಗುಳ್ಳೆಗಳು ಪರದೆಗೆ ಒತ್ತಿಕೊಂಡಿದ್ದರೆ ಸಾಲು ಸಾಲು ಅಚ್ಚು ಮೂಡಿದ ಪರದೆ ನೋಡಬೇಕಾಗಬಹುದು. ಟೇಪು ಪರದೆಗೆ ಎಲ್ಲೂ ಅಂಟಬಾರದು. ಪ್ಯಾಕರ್ಸ್‌ನವರು ಪ್ಲಾಸ್ಟಿಕ್ ಫಿಲ್ಮನ್ನು ಗರಗರ ಸುತ್ತಿ ಬಿಗಿಯುವುದು ನೋಡಲು ಭದ್ರವಾಗಿ ಕಾಣುತ್ತದೆ. ಆದರೆ ಸುತ್ತು ಹೆಚ್ಚಿದಂತೆ ಅದರ ಎಳೆತವೆಲ್ಲ ಮೂಲೆಗಳ ಮೇಲೆ ಬಿದ್ದು ತೆಳುವಾದ ಟಿ.ವಿ.ಯನ್ನು ಬಿಲ್ಲಿನಂತೆ ಬಗ್ಗಿಸಬಲ್ಲದು. ಫಿಲ್ಮು, ಹಗ್ಗ ಏನಿದ್ದರೂ ಪೆಟ್ಟಿಗೆಯ ಮೇಲೆ.

ಪೆಟ್ಟಿಗೆಯೊಳಗೆ ಟಿ.ವಿ. ಬಿಟ್ಟು ಇನ್ನೇನೂ ಇರಕೂಡದು. ಅಪಘಾತಗಳಲ್ಲಿ ಅತ್ಯಂತ ಪೆದ್ದುತನದ್ದು, ಆದರೆ ನಿಜಕ್ಕೂ ಆಗುವುದು ಇದೇ: ಕಳೆದುಹೋಗದಿರಲೆಂದು ರಿಮೋಟನ್ನೋ ಬಿಚ್ಚಿದ ಕಾಲುಗಳನ್ನೋ ಪರದೆಯ ಎದುರಿನ ಆ ಖಾಲಿ ಜಾಗಕ್ಕೇ ತೂರಿಸುತ್ತಾರೆ. ನೂರೈವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಅವು ಪರದೆಯನ್ನು ಕುಟ್ಟುತ್ತಲೇ ಹೋಗುತ್ತವೆ. ಅವುಗಳಿಗೆ ಬೇರೆಯದೇ ಒಂದು ಚೀಲ ಇರಲಿ, ರಿಮೋಟಿನ ಸೆಲ್ ತೆಗೆದು.

ಗಾಡಿ, ಎಲ್ಲರೂ ಛೋಟಾ ಹಾಥಿ ಎಂದು ಕರೆಯುವ ಪುಟ್ಟ ಟೆಂಪೊ ಆಗಿರಲಿ, ದೊಡ್ಡ ಲಾರಿಯಾಗಿರಲಿ, ಟಿ.ವಿ. ನಿಲ್ಲುವ ದಿಕ್ಕು ಮುಖ್ಯ. ಪರದೆ ಚಾಲಕನ ಕಡೆಗೆ ಮುಖ ಮಾಡಿದ್ದರೆ ಪ್ರತಿ ಬ್ರೇಕಿಗೂ ಗಾಜು ಮುಂದಕ್ಕೆ ಬಾಗುತ್ತದೆ. ಬದಿಯ ಗೋಡೆಗೆ ಸಮನಾಗಿ ನಿಲ್ಲಿಸಿದರೆ ಬ್ರೇಕಿನ ಎಳೆತ ಗಾಜಿನ ಉದ್ದಕ್ಕೇ ಹೋಗುತ್ತದೆ, ಅದನ್ನು ಗಾಜು ತಾಳುತ್ತದೆ. ಟಿ.ವಿ.ಯ ಬೆನ್ನು ಗಾಡಿಯ ಗೋಡೆಗೆ, ರಟ್ಟಿನ ಹಲಗೆಯ ಕಡೆಗೆ ನಿಲ್ಲಿಸಿದ ಹಾಸಿಗೆ. ಬುಡಕ್ಕೆ ಮಡಿಸಿದ ಕಂಬಳಿ. ಹಗ್ಗವನ್ನು ಪರದೆಯ ನಡುವಿಗೆ ಬಾರದಂತೆ ಎರಡು ಅಂಚುಗಳ ಬಳಿ ಹಾಯಿಸಿ, ಅಲ್ಲಾಡದಷ್ಟು ಮಾತ್ರ ಕಟ್ಟಬೇಕು. ಟಿ.ವಿ.ಯನ್ನು ಕೊನೆಗೆ ಹತ್ತಿಸಿ ಮೊದಲು ಇಳಿಸಿಕೊಂಡರೆ ಅರ್ಧ ಅಪಾಯ ಕಳೆಯುತ್ತದೆ. 32 ಇಂಚಿನದಾದರೆ ಕಾರಿನ ಹಿಂದಿನ ಸೀಟಿನಲ್ಲಿ, ಪರದೆ ಸೀಟಿನ ಬೆನ್ನಿಗೆ ಒತ್ತದಂತೆ ಹಲಗೆ ಕಟ್ಟಿ, ನಿಲ್ಲಿಸಿಕೊಂಡು ಹೋಗುವುದೇ ಲೇಸು.

ಮೈಸೂರಿನಲ್ಲಿ ಇಳಿಸಿದ ಕೂಡಲೇ ಹಾಕಿ ನೋಡಬಹುದು, ಎರಡೂ ಊರಿನ ಹವೆ ಹೆಚ್ಚುಕಡಿಮೆ ಒಂದೇ. ಮಡಿಕೇರಿಯ ಚಳಿಯಿಂದ ಮಂಗಳೂರಿನ ಸೆಕೆಗೆ ಇಳಿದ ಟಿ.ವಿ.ಗೆ ಮಾತ್ರ ಬೇರೆ ನಿಯಮ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವಂತೆ ಅದರ ಒಳಗಿನ ಬೋರ್ಡುಗಳೂ ಬೆವರುತ್ತವೆ. ಪ್ಲಾಸ್ಟಿಕ್ ಬಿಚ್ಚದೆ ಎರಡು ಮೂರು ಗಂಟೆ ಬಿಟ್ಟರೆ ಬೆವರೆಲ್ಲ ಪ್ಲಾಸ್ಟಿಕ್ಕಿನ ಹೊರಗೇ ನಿಲ್ಲುತ್ತದೆ. ಮಳೆಯಲ್ಲಿ ನೆನೆದ ಪೆಟ್ಟಿಗೆಯಾದರೆ ಒಂದು ರಾತ್ರಿ ಕಾಯುವುದು ಕ್ಷೇಮ.

ಸಾಗಣೆಯವರ ಚೀಟಿಗೆ ಸಹಿ ಹಾಕುವುದು ಟಿ.ವಿ. ಹೊತ್ತಿಸಿ ನೋಡಿದ ಮೇಲೆ. ಹವೆಯ ಕಾರಣದಿಂದ ಆ ದಿನ ಹೊತ್ತಿಸಲಾಗದಿದ್ದರೆ ಚೀಟಿಯ ಮೇಲೆ 'ಪರೀಕ್ಷಿಸಿಲ್ಲ' ಎಂದು ಬರೆದು ಸಹಿ ಮಾಡಬಹುದು. ಆರಿದ ಪರದೆಯನ್ನು ಕೈಯಾಡಿಸಿ 'ಎಲ್ಲ ಸರಿ ಇದೆ' ಎನ್ನುವಂತಿಲ್ಲ, ಏಕೆಂದರೆ ಮೇಲಿನ ಪ್ಲಾಸ್ಟಿಕ್ ಹಾಳೆ ನುಣುಪಾಗಿಯೇ ಇದ್ದು ಅದರ ಹಿಂದಿನ ಗಾಜು ಸೀಳಿರಬಹುದು. ಹೊತ್ತಿಸಿದಾಗ ಜೇಡರ ಬಲೆಯಂಥ ಗೆರೆ, ಅದರ ಸುತ್ತ ಮಸಿ ಚೆಲ್ಲಿದಂತೆ ಕಪ್ಪು ಹರಡಿದ್ದರೆ ಗಾಜು ಒಡೆದಿದೆ ಎಂದರ್ಥ, ಅದಕ್ಕೆ ರಿಪೇರಿಯಿಲ್ಲ. ನೆಟ್ಟನೆಯ ಲಂಬ ಗೆರೆಗಳು ಮಾತ್ರ ಇದ್ದರೆ ಅಂಚಿನ ಆ ತೆಳು ಪಟ್ಟಿಗಳಲ್ಲೊಂದು ಸಡಿಲವಾಗಿರಬಹುದು, ಬಾಂಡಿಂಗ್‌ನಿಂದ ಸರಿಹೋಗುವ ಆಸೆ ಇಟ್ಟುಕೊಳ್ಳಬಹುದು. ಧ್ವನಿ ಬರುತ್ತದೆ, ಚಿತ್ರವಿಲ್ಲ ಎಂದಾದರೆ ಕತ್ತಲು ಮಾಡಿ ಪರದೆಯ ಹತ್ತಿರ ಟಾರ್ಚು ಹಿಡಿದು ನೋಡಬೇಕು. ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್ ಉಳಿದಿದೆ, ಹಿಂದಿನ ದೀಪಗಳು ಮಾತ್ರ ಹೊತ್ತುತ್ತಿಲ್ಲ. ಊರಿನ ಸಾಧಾರಣ ಮೆಕ್ಯಾನಿಕ್ ಕೂಡ ಅದನ್ನು ಸರಿಮಾಡಬಲ್ಲ. ಯಾವುದೇ ಆಗಲಿ, ಫೋಟೊ ತೆಗೆದು ಚೀಟಿಯ ಮೇಲೆಯೇ ದೋಷವನ್ನು ಬರೆಯುವುದು ಗಾಡಿ ಬೀದಿಯಲ್ಲಿ ನಿಂತಿರುವಾಗಲೇ ಆಗಬೇಕಾದ ಕೆಲಸ. ಸಾಗಣೆಯಲ್ಲಿ ಒಡೆದದ್ದಕ್ಕೆ ಟಿ.ವಿ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕೊಡುವುದಿದ್ದರೆ ಸಾಗಣೆಯವರು ಕೊಡಬೇಕು, ಅಥವಾ ಹೊರಡುವ ಮೊದಲು ಟಿ.ವಿ.ಯ ಬೆಲೆ ನಮೂದಿಸಿ ಮಾಡಿಸಿದ ವಿಮೆ ಕೊಡಬೇಕು.

ಆಮೇಲೆ ಥರ್ಮೋಕೋಲ್ ಚೌಕಟ್ಟನ್ನು ಪೆಟ್ಟಿಗೆಯ ಸಮೇತ ಹೊಸ ಮನೆಯ ಅಟ್ಟಕ್ಕೆ ಏರಿಸಬಹುದು, ಬಾಡಿಗೆ ಕರಾರು ಹೇಗೂ ಹನ್ನೊಂದೇ ತಿಂಗಳದ್ದು.